ಪರೀಕ್ಷೆ ಮುಗಿದ ಮೇಲೆ ಬರೆಯುವ ಅರ್ಧ ಪುಟ

ಪೂರ್ವಸಿದ್ಧತಾ ಪರೀಕ್ಷೆಯ ಕೊನೆಯ ಪೇಪರ್ ಬರೆದು ಬಂದ ಪಿಯು ವಿದ್ಯಾರ್ಥಿಗಳು ಒಂದೆರಡು ದಿನ ಸುಧಾರಿಸಿಕೊಂಡು, ಗೋಡೆಗೆ ಅಂಟಿಸಿದ್ದ ಟೈಮ್‌ಟೇಬಲ್ ಕಿತ್ತು ಹೊಸದನ್ನು ಬರೆಯಲು ಕೂರುತ್ತಾರೆ. ಹೊಸದು ಹಳೆಯದಕ್ಕಿಂತ ಬಿಗಿಯಾಗಿರುತ್ತದೆ. ಐದಕ್ಕೆ ಏಳುತ್ತಿದ್ದವರು ನಾಲ್ಕಕ್ಕೆ ಏಳುವುದೆಂದು ಬರೆದುಕೊಳ್ಳುತ್ತಾರೆ, ದಿನಕ್ಕೆ ಒಂದು ಅಧ್ಯಾಯ ಇದ್ದಲ್ಲಿ ಎರಡು ಸೇರಿಸುತ್ತಾರೆ. ಹಳೆಯ ಪಟ್ಟಿಯಲ್ಲಿ ಯಾವುದು ನಡೆಯಿತು, ಯಾವುದು ಎಷ್ಟನೇ ದಿನಕ್ಕೆ ನಿಂತಿತು, ಯಾವ ಹೊತ್ತಿನ ಓದು ಅಂಕವಾಗಿ ಬಂತು ಎಂಬ ವಿಷಯವೆಲ್ಲ ಆ ಕಾಗದದ ಜೊತೆ ಕಸದ ಬುಟ್ಟಿ ಸೇರುತ್ತದೆ. ವಾರ್ಷಿಕ ಪರೀಕ್ಷೆಗೆ ಇನ್ನು ಒಂದು ತಿಂಗಳ ಆಸುಪಾಸು ಇರುವಾಗ ಮಕ್ಕಳ ಕೈಯಲ್ಲಿರುವ ಅತಿ ಬೆಲೆಬಾಳುವ ಮಾಹಿತಿ ಅದೇ.

ಅದನ್ನು ಉಳಿಸಿಕೊಳ್ಳಲು ಬೇಕಾಗುವುದು ನೋಟ್‌ಬುಕ್ಕಿನ ಕೊನೆಯ ಹಾಳೆ ಮತ್ತು ಹದಿನೈದು ನಿಮಿಷ. ಆದರೆ ಏನು ಬರೆಯಬೇಕು, ಯಾವಾಗ ಬರೆಯಬೇಕು ಎಂಬುದರಲ್ಲಿ ಸ್ವಲ್ಪ ವಿವೇಚನೆ ಬೇಕು. ಪರೀಕ್ಷೆಯ ಮರುದಿನ ಬರೆಯಿರಿ ಎಂದರೆ ಹೆಚ್ಚಿನ ಮಕ್ಕಳು ಬರೆಯುವುದು ಹೀಗೆ: ‘ಇನ್ನೂ ಚೆನ್ನಾಗಿ ಓದಬೇಕು. ಮೊಬೈಲ್ ಮುಟ್ಟಬಾರದು. ಫಿಸಿಕ್ಸ್‌ಗೆ ಜಾಸ್ತಿ ಟೈಮ್ ಕೊಡಬೇಕು.’ ಇವು ಸಂಕಲ್ಪಗಳು. ಇವುಗಳಲ್ಲಿ ನಡೆದದ್ದರ ದಾಖಲೆ ಒಂದೂ ಇಲ್ಲ. ಎಷ್ಟು ಜಾಸ್ತಿ, ಯಾವ ಅಧ್ಯಾಯಕ್ಕೆ, ಓದುವುದಕ್ಕೋ ಲೆಕ್ಕ ಮಾಡುವುದಕ್ಕೋ ಎಂದು ಕೇಳಿದರೆ ಉತ್ತರವಿಲ್ಲ. ಮುಂದಿನ ಪಟ್ಟಿ ಬರೆಯುವಾಗ ಇಂಥ ಸಾಲುಗಳಿಂದ ಒಂದು ಗಂಟೆಯನ್ನೂ ಅತ್ತಿತ್ತ ಸರಿಸಲಾಗುವುದಿಲ್ಲ.

ದ್ವಿತೀಯ ಪಿಯು ವಿಜ್ಞಾನ ಓದುವ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಂಡು, ಭೌತಶಾಸ್ತ್ರ ಒಂದನ್ನೇ ಹಿಡಿದು ನೋಡೋಣ. ಭೌತಶಾಸ್ತ್ರದಲ್ಲಿ ಲಿಖಿತ ಪರೀಕ್ಷೆಗೆ 70 ಅಂಕ, ಪ್ರಾಯೋಗಿಕಕ್ಕೆ 30. ನಮ್ಮ ಹುಡುಗಿಗೆ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ 70ಕ್ಕೆ 50 ಬಂದಿದೆ ಎಂದುಕೊಳ್ಳಿ. ಅಂಕ ಗೊತ್ತಾಗುವ ಮೊದಲೇ, ಪರೀಕ್ಷೆ ಮುಗಿದ ಮರುದಿನ, ಅವಳು ಬರೆದುಕೊಂಡದ್ದು ಇದು:

‘ಬೆಳಿಗ್ಗೆ 5ರಿಂದ 7: ಪುಸ್ತಕ ಮುಚ್ಚಿ ಡೆರಿವೇಶನ್ ಬರೆದೆ. ಹಾಗೆ ಬರೆದವು ಪರೀಕ್ಷೆಯಲ್ಲಿ ಎರಡು ಬಂದವು, ಎರಡೂ ಪೂರ್ತಿ ಬರೆದೆ. ರಾತ್ರಿ ಊಟ ಆದ ಮೇಲೆ: ನೋಟ್ಸ್ ಓದಿದೆ. ಓದುವಾಗ ಎಲ್ಲಾ ಗೊತ್ತಿದೆ ಅನಿಸಿತ್ತು. ರೇ ಆಪ್ಟಿಕ್ಸ್‌ನ ಲೆನ್ಸ್ ಮೇಕರ್ ಸೂತ್ರ ಅರ್ಧಕ್ಕೆ ನಿಂತಿತು. ಲೆಕ್ಕ: ದಿನಕ್ಕೆ ಎರಡು ಅಂತ ಪಟ್ಟಿಯಲ್ಲಿತ್ತು. ಮೊದಲ ನಾಲ್ಕು ದಿನ ಮಾಡಿದೆ, ರೇ ಆಪ್ಟಿಕ್ಸ್ ತಡವಾದ ಮೇಲೆ ಬಿಟ್ಟೆ. ದಿನಕ್ಕೆ 5 ಗಂಟೆ ಅಂದುಕೊಂಡಿದ್ದೆ, ಕೂತದ್ದು ಮೂರೂವರೆ. ನ್ಯೂಕ್ಲಿಯಸ್ ಅಧ್ಯಾಯ ಓದಲಿಲ್ಲ, ಅದರಿಂದ ದೊಡ್ಡ ಪ್ರಶ್ನೆ ಬರಲಿಲ್ಲ. ಪೇಪರ್‌ನಲ್ಲಿ ಐದು ಅಂಕದ ಒಂದು ಪ್ರಶ್ನೆಗೆ ಟೈಮ್ ಸಾಲಲಿಲ್ಲ, ಉತ್ತರ ಗೊತ್ತಿತ್ತು.’

ಇದರ ಕೆಳಗೆ ಐದು ಅಧ್ಯಾಯಗಳ ಹೆಸರು ಬರೆದು ಎದುರಿಗೆ ಎರಡೆರಡು ಅಂಕಿ ಹಾಕಿದ್ದಾಳೆ, ಅಂದುಕೊಂಡದ್ದೆಷ್ಟು, ಹಿಡಿದದ್ದೆಷ್ಟು. ಪ್ರತಿ ಅಧ್ಯಾಯಕ್ಕೂ ಪಟ್ಟಿಯಲ್ಲಿ ಇದ್ದದ್ದು ಮೂರು ಗಂಟೆ. ರೇ ಆಪ್ಟಿಕ್ಸ್‌ಗೆ ಐದು, ಕರೆಂಟ್ ಎಲೆಕ್ಟ್ರಿಸಿಟಿಗೆ ನಾಲ್ಕೂವರೆ, ಎಸಿಗೆ ನಾಲ್ಕೂವರೆ, ವೇವ್ ಆಪ್ಟಿಕ್ಸ್‌ಗೆ ಮೂರೂವರೆ, ಸೆಮಿಕಂಡಕ್ಟರ್‌ಗೆ ಎರಡೂವರೆ. ಹದಿನೈದು ಗಂಟೆಯ ಕೆಲಸಕ್ಕೆ ಇಪ್ಪತ್ತು ಗಂಟೆ ಹಿಡಿದಿದೆ.

ಈ ಟಿಪ್ಪಣಿಯಲ್ಲಿ ಬೈಗುಳವಿಲ್ಲ, ಶಪಥವಿಲ್ಲ. ಏನು ಮಾಡಿದೆ, ಅದರಿಂದ ಏನಾಯಿತು, ಅಷ್ಟೇ ಇದೆ. ಮುಖ್ಯವಾಗಿ, ಮೊದಲ ಸಾಲು ಫಲಿಸಿದ್ದರ ಕುರಿತಾಗಿದೆ. ಕಡಿಮೆ ಅಂಕ ಬಂದಾಗ ಇಡೀ ಪಟ್ಟಿಯೇ ದಂಡವಾಯಿತೆಂದು ತಳ್ಳಿಹಾಕುವ ಮಕ್ಕಳು, ಬೆಳಗಿನ ಆ ಎರಡು ಗಂಟೆಯನ್ನೂ ತಳ್ಳಿಹಾಕುತ್ತಾರೆ. ಆ ಹೊತ್ತನ್ನು ಹಾಗೇ ಉಳಿಸಿಕೊಂಡು ಉಳಿದದ್ದನ್ನು ಮಾತ್ರ ಬದಲಿಸಬೇಕೆಂದು ತಿಳಿಯುವುದು ಈ ಮೊದಲ ಸಾಲಿನಿಂದ.

ಆ ಎರಡು ಗಂಟೆ ಫಲ ಕೊಟ್ಟದ್ದು ಬೆಳಗಿನ ಜಾವಕ್ಕಿಂತ ಹೆಚ್ಚಾಗಿ ಪುಸ್ತಕ ಮುಚ್ಚಿದ್ದರಿಂದ ಇರಬಹುದು. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಒಂದೇ ಪಾಠವನ್ನು ಕೆಲವರು ಮತ್ತೊಮ್ಮೆ ಓದಿದರು, ಕೆಲವರು ನೋಡದೆ ನೆನಪಿನಿಂದ ಬರೆದರು. ಐದು ನಿಮಿಷ ಕಳೆದು ಕೇಳಿದಾಗ ಓದಿದವರೇ ಮುಂದಿದ್ದರು. ಒಂದು ವಾರ ಕಳೆದ ಮೇಲೆ ಬರೆದವರಿಗೆ ಪಾಠದ ಶೇಕಡ 56ರಷ್ಟು ನೆನಪಿತ್ತು, ಓದಿದವರಿಗೆ 42ರಷ್ಟು. ರಾತ್ರಿ ‘ಎಲ್ಲಾ ಗೊತ್ತಿದೆ’ ಅನಿಸಿ ಪರೀಕ್ಷೆಯಲ್ಲಿ ಅರ್ಧಕ್ಕೆ ನಿಂತದ್ದಕ್ಕೆ ಇದೇ ಕಾರಣ. ಹಾಗಾಗಿ ನಮ್ಮ ಹುಡುಗಿ ಟಿಪ್ಪಣಿಯಲ್ಲಿ ಹೊತ್ತನ್ನು ಮಾತ್ರ ಬರೆಯದೆ, ಆ ಹೊತ್ತಿನಲ್ಲಿ ಏನು ಮಾಡಿದೆ ಎಂದೂ ಬರೆದದ್ದು ಒಳ್ಳೆಯದಾಯಿತು. ‘ಬೆಳಿಗ್ಗೆ ಓದಿದ್ದು ಚೆನ್ನಾಗಿತ್ತು’ ಎಂದಷ್ಟೇ ಇದ್ದಿದ್ದರೆ ನಾಲ್ಕಕ್ಕೆ ಎದ್ದು ನೋಟ್ಸ್ ತಿರುವುತ್ತಾ ಕೂರುವ ಅಪಾಯವಿತ್ತು.

ಅಂಕ ಬರುವ ಮೊದಲೇ ಬರೆಯಬೇಕು ಎಂದೆನಲ್ಲ, ಅದಕ್ಕೆ ಬಲವಾದ ಕಾರಣವಿದೆ. ಫಲಿತಾಂಶ ತಿಳಿದ ಮೇಲೆ ನಮ್ಮ ನೆನಪು ಅದಕ್ಕೆ ತಕ್ಕಂತೆ ಬದಲಾಗುತ್ತದೆ. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾ ಮತ್ತು ಸೋವಿಯತ್ ಒಕ್ಕೂಟಕ್ಕೆ ಹೋಗುವ ಮುನ್ನ, ಬರೂಕ್ ಫಿಶ್‌ಹಾಫ್ ಮತ್ತು ರೂತ್ ಬೇತ್ ಎಂಬ ಸಂಶೋಧಕರು ಇಸ್ರೇಲಿನ ವಿದ್ಯಾರ್ಥಿಗಳಿಂದ ಆ ಭೇಟಿಯಲ್ಲಿ ಏನೇನಾಗಬಹುದೆಂಬ ಅಂದಾಜನ್ನು ಬರೆಸಿಕೊಂಡಿದ್ದರು. ಭೇಟಿ ಮುಗಿದು ಸ್ವಲ್ಪ ಕಾಲವಾದ ಮೇಲೆ, ನೀವು ಆಗ ಏನು ಬರೆದಿದ್ದಿರಿ ನೆನಪಿಸಿಕೊಳ್ಳಿ ಎಂದು ಕೇಳಿದರು. ನಡೆದೇಹೋದ ಸಂಗತಿಗಳ ವಿಷಯದಲ್ಲಿ, ‘ಇದು ಆಗುತ್ತದೆಂದು ನಾನು ಆಗಲೇ ಹೇಳಿದ್ದೆ’ ಎಂಬ ಕಡೆಗೆ ಅವರ ನೆನಪು ವಾಲಿತ್ತು. ಪರೀಕ್ಷೆಯಲ್ಲೂ ಹೀಗೆಯೇ. 50 ಬಂದದ್ದು ಕಂಡ ಮೇಲೆ ‘ಆ ಪಟ್ಟಿ ಆಗುವುದಿಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು’ ಎಂದು ಅನಿಸುತ್ತದೆ, 65 ಬಂದಿದ್ದರೆ ಅದೇ ಪಟ್ಟಿ ಬ್ರಹ್ಮಾಸ್ತ್ರವಾಗಿ ಕಾಣುತ್ತಿತ್ತು. ಅಂಕಕ್ಕೆ ಮೊದಲು ಬರೆದಿಟ್ಟ ಸಾಲುಗಳು ಮಾತ್ರ ಹಾಗೆ ಬಣ್ಣ ಬದಲಿಸುವುದಿಲ್ಲ.

ಹಾಗೆಂದು ಒಂದು ಪೇಪರಿಗೂ ಇನ್ನೊಂದಕ್ಕೂ ನಡುವೆ ಕೂತು ಉದ್ದುದ್ದ ಬರೆಯುವುದು ಬೇಡ. ನಾಳೆ ರಸಾಯನಶಾಸ್ತ್ರ ಇರುವಾಗ ಇಂದಿನ ಭೌತಶಾಸ್ತ್ರವನ್ನು ಕೆದಕಿದರೆ ನಷ್ಟವೇ. ಆ ಸಂಜೆ ಪ್ರಶ್ನೆಪತ್ರಿಕೆಯ ಹಿಂಬದಿಯಲ್ಲೇ ಎರಡು ಸಾಲು ಗೀಚಿಟ್ಟುಕೊಂಡರೆ ಸಾಕು. ಯಾವುದು ಸಲೀಸಾಗಿ ಬಂತು, ಎಲ್ಲಿ ಪೆನ್ನು ನಿಂತಿತು, ಇಷ್ಟೇ. ಕೊನೆಯ ಪೇಪರ್ ಮುಗಿದ ಮರುದಿನ ಆ ಎರಡೆರಡು ಸಾಲುಗಳನ್ನು ಮುಂದಿಟ್ಟುಕೊಂಡು ಅರ್ಧ ಪುಟ ಬರೆಯಬಹುದು.

ಉತ್ತರ ಪತ್ರಿಕೆ ಕೈಗೆ ಬಂದ ದಿನ ಇದೇ ಟಿಪ್ಪಣಿಯ ಎರಡನೇ ಭಾಗ ಶುರುವಾಗುತ್ತದೆ. ಕಳೆದುಕೊಂಡ ಇಪ್ಪತ್ತು ಅಂಕಗಳನ್ನು ನಮ್ಮ ಹುಡುಗಿ ಅಧ್ಯಾಯದ ಲೆಕ್ಕದಲ್ಲಿ ಮಾತ್ರವಲ್ಲ, ಕಾರಣದ ಲೆಕ್ಕದಲ್ಲೂ ಬಿಡಿಸಿದಳು. ಐದೈದು ಅಂಕದ ಎರಡು ಲೆಕ್ಕಗಳಲ್ಲಿ 8 ಹೋಗಿವೆ. ಒಂದು ಎಸಿ ಅಧ್ಯಾಯದ ಅನುರಣನ ಆವೃತ್ತಿಯದು, ಇನ್ನೊಂದು ಕಿರ್ಚಾಫ್ ನಿಯಮದ್ದು. ಎರಡರಲ್ಲೂ ಸೂತ್ರ ಸರಿಯಾಗಿ ಬರೆದು ಒಂದೊಂದು ಅಂಕ ಪಡೆದಿದ್ದಾಳೆ. ಮೈಕ್ರೋಫ್ಯಾರಡ್ಡನ್ನು ಫ್ಯಾರಡ್‌ಗೆ ತಂದು ವರ್ಗಮೂಲ ತೆಗೆಯುವಲ್ಲಿ ಹತ್ತರ ಘಾತ ತಪ್ಪಿದೆ, ಕಿರ್ಚಾಫ್‌ನಲ್ಲಿ ಎರಡನೇ ಸಮೀಕರಣದ ಚಿಹ್ನೆ ತಪ್ಪಿದೆ. ಸಮಯ ಸಾಲದೆ ಬಿಟ್ಟ ಪ್ರಶ್ನೆಯಲ್ಲಿ 5 ಹೋಗಿದೆ. ಅರ್ಧಕ್ಕೆ ನಿಂತ ಡೆರಿವೇಶನ್‌ನಲ್ಲಿ 3. ಉಳಿದ 4 ಅಂಕ ಅಲ್ಲಲ್ಲಿ ಏಕಮಾನ ಬರೆಯದೆ, ಕಿರಣ ಚಿತ್ರದಲ್ಲಿ ಬಾಣದ ಗುರುತು ಹಾಕದೆ ಹೋದವು.

ಈ ನಾಲ್ಕು ನಷ್ಟಗಳ ಮದ್ದು ಬೇರೆ ಬೇರೆ. ಸೂತ್ರ ಗೊತ್ತಿದ್ದೂ ಉತ್ತರ ಬಾರದ ಲೆಕ್ಕಕ್ಕೆ ಅಧ್ಯಾಯವನ್ನು ಮತ್ತೆ ಓದಿ ಪ್ರಯೋಜನವಿಲ್ಲ, ಕೈಯಲ್ಲಿ ಮಾಡಿಯೇ ಅಭ್ಯಾಸವಾಗಬೇಕು. ಮೊದಲ ಟಿಪ್ಪಣಿ ನೋಡಿದರೆ ಲೆಕ್ಕ ಬಿಟ್ಟದ್ದು ಐದನೇ ದಿನದಿಂದ, ಎಸಿ ಅಧ್ಯಾಯ ಬಂದದ್ದು ಅದರ ನಂತರ. ಎರಡೂ ಟಿಪ್ಪಣಿಗಳನ್ನು ಪಕ್ಕಪಕ್ಕ ಇಟ್ಟಾಗ ಮಾತ್ರ ಈ ಸಂಬಂಧ ಕಣ್ಣಿಗೆ ಬೀಳುತ್ತದೆ. ಅರ್ಧಕ್ಕೆ ನಿಂತ ಡೆರಿವೇಶನ್‌ಗೆ ಬೆಳಗಿನ ಕ್ರಮ ಸಾಕು, ಅದು ಆಗಲೇ ಬೇರೆ ಎರಡರಲ್ಲಿ ಫಲಿಸಿದೆ. ಸಮಯ ಸಾಲದ್ದಕ್ಕೆ ಹೆಚ್ಚು ಓದುವುದರಿಂದ ಏನೂ ಆಗದು. ಉತ್ತರ ಪತ್ರಿಕೆ ತಿರುವಿದರೆ ಎರಡು ಅಂಕದ ಪ್ರಶ್ನೆಗೆ ಮುಕ್ಕಾಲು ಪುಟ ಬರೆದದ್ದು ಕಾಣುತ್ತದೆ. ಗಡಿಯಾರ ಇಟ್ಟುಕೊಂಡು ಒಂದು ಪೂರ್ತಿ ಪೇಪರ್ ಮನೆಯಲ್ಲಿ ಬರೆಯುವುದೇ ಅದಕ್ಕೆ ದಾರಿ. ಏಕಮಾನ, ಬಾಣದ ಗುರುತುಗಳಿಗೆ ಟೈಮ್‌ಟೇಬಲ್ಲಿನಲ್ಲಿ ಜಾಗವೇ ಬೇಡ, ಪರೀಕ್ಷೆಯ ಕೊನೆಯ ಐದು ನಿಮಿಷ ತೆಗೆದಿಟ್ಟರೆ ಆಯಿತು. ಇವೆಲ್ಲವನ್ನೂ ‘ಸಿಲ್ಲಿ ಮಿಸ್ಟೇಕ್’ ಎಂದು ಒಂದೇ ಚೀಲಕ್ಕೆ ತುಂಬಿ ಕಟ್ಟುವುದು ಮಕ್ಕಳ ರೂಢಿ, ನಮ್ಮ ಮನೆಗಳ ರೂಢಿಯೂ ಹೌದು. ಆ ಚೀಲವನ್ನು ಬಿಚ್ಚಿ ನೋಡದೆ ಮುಂದಿನ ಪಟ್ಟಿ ಬರೆದರೆ ಗಂಟೆಗಳು ತಪ್ಪು ಜಾಗಕ್ಕೆ ಹೋಗುತ್ತವೆ.

ಈಗ ಹೊಸ ವೇಳಾಪಟ್ಟಿ. ಇಲ್ಲಿ ಬಹಳ ಜನ ಎಡವುವುದು ಗಂಟೆಯ ಅಂದಾಜಿನಲ್ಲಿ. ಹಿಂದೆ ತಡವಾದದ್ದು ಗೊತ್ತಿದ್ದರೂ ಮುಂದಿನ ಸಲ ಸರಿಹೋಗುತ್ತದೆ ಎಂದು ಮನಸ್ಸು ಅಂದುಕೊಳ್ಳುತ್ತದೆ. ಕೆನಡಾದ ಮನಃಶಾಸ್ತ್ರಜ್ಞ ರೋಜರ್ ಬ್ಯೂಲರ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳು ಸರಾಸರಿ 34 ದಿನದಲ್ಲಿ ಮುಗಿಸುತ್ತೇವೆಂದಿದ್ದರು. ಎಲ್ಲವೂ ಕೈಕೊಟ್ಟರೆ ಎಷ್ಟು ದಿನ ಎಂದು ಕೇಳಿದ್ದಕ್ಕೆ ಸುಮಾರು 49 ಎಂದಿದ್ದರು. ನಿಜವಾಗಿ ಹಿಡಿದದ್ದು 55ಕ್ಕೂ ಹೆಚ್ಚು ದಿನ. ಅದೇ ತಂಡ ಇನ್ನೊಂದು ಸಂಗತಿಯನ್ನೂ ಕಂಡುಕೊಂಡಿತು. ಹಿಂದೆ ಎಷ್ಟು ಹೊತ್ತು ಹಿಡಿದಿತ್ತೆಂದು ಸುಮ್ಮನೆ ನೆನಪಿಸಿಕೊಂಡವರ ಅಂದಾಜು ಸುಧಾರಿಸಲಿಲ್ಲ. ಆ ಅನುಭವವನ್ನು ಈಗಿನ ಕೆಲಸಕ್ಕೆ ಎದುರುಬದುರು ಹೋಲಿಸಿ ನೋಡಿದವರ ಅಂದಾಜು ವಾಸ್ತವಕ್ಕೆ ಹತ್ತಿರವಾಯಿತು. ನಮ್ಮ ಹುಡುಗಿಯ ಹದಿನೈದು ಮತ್ತು ಇಪ್ಪತ್ತು ಎಂಬ ಅಂಕಿಗಳ ಕೆಲಸ ಅದೇ. ಅವಳು ಮೂರು ಗಂಟೆ ಎಂದುಕೊಂಡ ಅಧ್ಯಾಯಕ್ಕೆ ಸರಾಸರಿ ನಾಲ್ಕು ಗಂಟೆ ಹಿಡಿಯುತ್ತದೆ. ಹೊಸ ಪಟ್ಟಿಯಲ್ಲಿ ನಾಲ್ಕು ಎಂದೇ ಬರೆಯಬೇಕು.

ವಾರ್ಷಿಕ ಪರೀಕ್ಷೆಗೆ 30 ದಿನ ಇದೆ ಎನ್ನಿ. ದಿನಕ್ಕೆ ಐದು ಗಂಟೆ ಎಂದರೆ 150 ಗಂಟೆ. ಆದರೆ ಅವಳು ನಿಜವಾಗಿ ಕೂತದ್ದು ಮೂರೂವರೆ, ಆದ್ದರಿಂದ ಲೆಕ್ಕಕ್ಕೆ ಹಿಡಿಯಬೇಕಾದದ್ದು 105. ಭೌತಶಾಸ್ತ್ರದ ಹದಿನಾಲ್ಕು ಅಧ್ಯಾಯಗಳಿಗೂ ನಾಲ್ಕು ನಾಲ್ಕು ಗಂಟೆ ಕೊಟ್ಟರೆ ಅದೊಂದಕ್ಕೇ 56 ಗಂಟೆ ಬೇಕು, ಉಳಿದ ಮೂರು ವಿಜ್ಞಾನ ವಿಷಯ ಮತ್ತು ಎರಡು ಭಾಷೆಗಳು ಏನಾಗಬೇಕು? ಟಿಪ್ಪಣಿ ಇಲ್ಲಿ ನೆರವಿಗೆ ಬರುತ್ತದೆ. ನಾಲ್ಕು ಗಂಟೆ ಬೇಕಿರುವುದು ಅಂಕ ಕಳೆದುಕೊಂಡ ಎಸಿ, ಕರೆಂಟ್ ಎಲೆಕ್ಟ್ರಿಸಿಟಿ, ರೇ ಆಪ್ಟಿಕ್ಸ್ ಮತ್ತು ಓದದೇ ಬಿಟ್ಟ ನ್ಯೂಕ್ಲಿಯಸ್ಸಿಗೆ ಮಾತ್ರ. ಅಲ್ಲಿಗೆ 16 ಗಂಟೆ, ಮೊದಲ ಮೂರರಲ್ಲಿ ಅರ್ಧಕ್ಕಿಂತ ಹೆಚ್ಚು ಲೆಕ್ಕಕ್ಕೆ. ಉಳಿದ ಹತ್ತು ಅಧ್ಯಾಯಗಳನ್ನು ಪುಸ್ತಕ ಮುಚ್ಚಿ ಬರೆದು ನೋಡಲು ಒಂದೊಂದು ಗಂಟೆ, ಒಟ್ಟು 10. ಪೂರ್ತಿ ಪೇಪರ್ ಒಂದು, 3 ಗಂಟೆ. ಅಲ್ಲಿಗೆ ಭೌತಶಾಸ್ತ್ರ 29 ಗಂಟೆಯಲ್ಲಿ ಮುಗಿಯುತ್ತದೆ, ಉಳಿದ ವಿಷಯಗಳಿಗೆ 76 ಸಿಗುತ್ತದೆ. ಲೆಕ್ಕವನ್ನು ದಿನದ ಕೊನೆಗೆ ಇಡದೆ ಮೊದಲಿಗೆ ಇಡಬೇಕು, ಏಕೆಂದರೆ ಹಿಂದಿನ ಸಲ ತಡವಾದಾಗ ಉದುರಿಹೋದದ್ದು ಕೊನೆಯಲ್ಲಿದ್ದ ಲೆಕ್ಕವೇ. ಭಾನುವಾರ ಮಧ್ಯಾಹ್ನವನ್ನು ಏನೂ ಬರೆಯದೆ ಖಾಲಿ ಬಿಟ್ಟರೆ ವಾರದಲ್ಲಿ ಹಿಂದುಳಿದದ್ದಕ್ಕೆ ಅಲ್ಲಿ ಜಾಗವಿರುತ್ತದೆ.

ನ್ಯೂಕ್ಲಿಯಸ್ ಅಧ್ಯಾಯದ ವಿಷಯ ಸ್ವಲ್ಪ ನಿಂತು ನೋಡಬೇಕಾದದ್ದು. ಓದಲಿಲ್ಲ, ದೊಡ್ಡ ಪ್ರಶ್ನೆ ಬರಲಿಲ್ಲ, ನಷ್ಟವೂ ಆಗಲಿಲ್ಲ. ಇದನ್ನು ‘ಫಲಿಸಿದ್ದು’ ಎಂದು ಬರೆದುಕೊಳ್ಳುವ ಆಸೆಯಾಗುತ್ತದೆ. ಆದರೆ ಅದು ಅದೃಷ್ಟದ ಫಲ, ಯೋಜನೆಯದಲ್ಲ. ಎರಡನ್ನೂ ಬೇರ್ಪಡಿಸಲು ಒಂದು ಸುಲಭ ಪರೀಕ್ಷೆಯಿದೆ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಜಾಲತಾಣದಲ್ಲಿ ಮಾದರಿ ಪ್ರಶ್ನೆಪತ್ರಿಕೆಗಳು ಸಿಗುತ್ತವೆ. ಅಂಥ ಎರಡು ಪತ್ರಿಕೆ ತೆಗೆದುಕೊಂಡು, ಇದೇ ತಯಾರಿಯಲ್ಲಿ ಇವುಗಳನ್ನು ಬರೆದಿದ್ದರೆ ಏನಾಗುತ್ತಿತ್ತು ಎಂದು ಟಿಕ್ ಹಾಕುತ್ತಾ ನೋಡಿದರೆ, ಬೆಳಗಿನ ಡೆರಿವೇಶನ್ ಅಭ್ಯಾಸ ಮೂರು ಪತ್ರಿಕೆಯಲ್ಲೂ ಅಂಕ ತರುತ್ತದೆ, ಬಿಟ್ಟ ಅಧ್ಯಾಯ ಒಂದಲ್ಲ ಒಂದರಲ್ಲಿ ಅಂಕ ಕಳೆಯುತ್ತದೆ. ಬೇರೆ ಪತ್ರಿಕೆಯಲ್ಲೂ ಕೆಲಸ ಮಾಡುವುದನ್ನು ಮಾತ್ರ ‘ಫಲಿಸಿದ್ದು’ ಎಂದು ಬರೆದುಕೊಳ್ಳಬೇಕು.

ಶಾಲಾ ಕಾಲೇಜುಗಳಲ್ಲಿ ಇದನ್ನು ಕ್ರಮಬದ್ಧವಾಗಿ ಮಾಡಿಸುವ ಪದ್ಧತಿಯೂ ಇದೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಮಾರ್ಷಾ ಲವೆಟ್ ಅದಕ್ಕೆ ‘ಎಕ್ಸಾಮ್ ವ್ರ್ಯಾಪರ್’ ಎಂಬ ಹೆಸರಿನಲ್ಲಿ ಪ್ರಚಾರ ಕೊಟ್ಟರು. ಉತ್ತರ ಪತ್ರಿಕೆ ಹಿಂದಿರುಗಿಸುವಾಗ ಒಂದು ಹಾಳೆಯನ್ನೂ ಕೊಡುತ್ತಾರೆ. ಹೇಗೆ ತಯಾರಾದೆ, ಅಂಕ ಎಲ್ಲೆಲ್ಲಿ ಹೋಯಿತು, ಮುಂದಿನ ಸಲ ಏನು ಬದಲಿಸುವೆ ಎಂಬ ಮೂರು ಬಗೆಯ ಪ್ರಶ್ನೆಗಳು ಅದರಲ್ಲಿರುತ್ತವೆ. ವಿದ್ಯಾರ್ಥಿ ತುಂಬಿಸಿದ ಹಾಳೆಯನ್ನು ಅಧ್ಯಾಪಕರು ಇಟ್ಟುಕೊಂಡು, ಮುಂದಿನ ಪರೀಕ್ಷೆಯ ತಯಾರಿ ಶುರುವಾಗುವ ಹೊತ್ತಿಗೆ ಅವನಿಗೇ ವಾಪಸು ಕೊಡುತ್ತಾರೆ. ನನ್ನ ಮಟ್ಟಿಗೆ ಇಡೀ ಪದ್ಧತಿಯ ಜೀವ ಇರುವುದು ಈ ವಾಪಸಾತಿಯಲ್ಲಿ. ಇಂಥ ಹಾಳೆ ತುಂಬಿಸಿದರೂ ಅಂಕಗಳಲ್ಲಿ ವ್ಯತ್ಯಾಸ ಕಾಣದ ಅಧ್ಯಯನಗಳೂ ಇವೆ, ಅದನ್ನು ಮರೆಮಾಚಬೇಕಿಲ್ಲ. ಕಾಟಾಚಾರಕ್ಕೆ ತುಂಬಿಸಿ, ಮತ್ತೆಂದೂ ತೆರೆಯದ ಹಾಳೆ ಯಾರ ಟೈಮ್‌ಟೇಬಲ್ಲನ್ನೂ ಬದಲಿಸಲಾರದು. ಮನೆಯಲ್ಲಿ ಬರೆಯುವವರು ಹೊಸ ಪಟ್ಟಿಯ ಕಾಗದದ ಮೇಲ್ಭಾಗದಲ್ಲೇ ಹಳೆಯ ಟಿಪ್ಪಣಿಯ ಎರಡು ಸಾಲು ನಕಲು ಮಾಡಿಕೊಂಡರೆ ಅದು ಕಣ್ಣ ಮುಂದೆಯೇ ಇರುತ್ತದೆ.

ಒಂದು ಪರೀಕ್ಷೆಯ ಟಿಪ್ಪಣಿಯಿಂದ ತಿಳಿಯುವುದಕ್ಕೂ ಮಿತಿಯಿದೆ. ಒಂದೇ ಪೇಪರ್ ನೋಡಿ ಐದಾರು ಬದಲಾವಣೆ ಒಟ್ಟಿಗೆ ಮಾಡಿದರೆ, ಮುಂದೆ ಅಂಕ ಏರಿದರೂ ಇಳಿದರೂ ಯಾವುದರಿಂದ ಎಂದು ಹೇಳಲಾಗದು. ಎರಡು ಬದಲಾವಣೆ ಸಾಕು, ನಮ್ಮ ಹುಡುಗಿಗೆ ಲೆಕ್ಕ ಮೊದಲಿಗೆ ಬಂದದ್ದು ಒಂದು, ರಾತ್ರಿಯ ಓದು ಬರೆಯುವ ಅಭ್ಯಾಸವಾದದ್ದು ಇನ್ನೊಂದು. ಇನ್ನು, ಕಿರ್ಚಾಫ್ ನಿಯಮದಲ್ಲಿ ಚಿಹ್ನೆ ಯಾಕೆ ಹಾಗೆ ಹಾಕಬೇಕೆಂಬುದೇ ಅರ್ಥವಾಗದಿದ್ದರೆ ಯಾವ ವೇಳಾಪಟ್ಟಿಯೂ ಅದನ್ನು ಸರಿಮಾಡುವುದಿಲ್ಲ. ಆ ಪ್ರಶ್ನೆಯನ್ನು ಹಿಡಿದುಕೊಂಡು ಲೆಕ್ಚರರ್ ಹತ್ತಿರ ಹೋಗಲೇಬೇಕು.

2024ರಿಂದ ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು ನಡೆಯುತ್ತಿವೆ. ಮೊದಲನೆಯದರಲ್ಲಿ ಅಂಕ ಸಾಲದೆ ಹೋದವರು ಮುಂದಿನದನ್ನು ಬರೆಯಬಹುದು. ಆದರೆ ಪರೀಕ್ಷೆ ಒಂದರ ಫಲಿತಾಂಶಕ್ಕೂ ಪರೀಕ್ಷೆ ಎರಡಕ್ಕೂ ನಡುವೆ ಸಿಗುವ ದಿನಗಳು ಕಡಿಮೆ, ಅಂಕಪಟ್ಟಿಯಲ್ಲಿ ಯಾವ ಪ್ರಶ್ನೆಗೆ ಎಷ್ಟು ಬಂತೆಂಬ ವಿವರವೂ ಇರುವುದಿಲ್ಲ. ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ಬೇಕೆಂದರೆ ಶುಲ್ಕ ಕಟ್ಟಿ ಅರ್ಜಿ ಹಾಕಬೇಕು. ಆ ಅವಸರದಲ್ಲಿ ಕೈಗೆ ಸಿಗುವುದು ಪರೀಕ್ಷೆಯ ಮರುದಿನ ತಾವೇ ಬರೆದಿಟ್ಟ ಟಿಪ್ಪಣಿ ಮಾತ್ರ.

ಅಧ್ಯಾಪಕರಲ್ಲಿ ಒಂದು ಮನವಿ. ಪೂರ್ವಸಿದ್ಧತಾ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ಆದಷ್ಟು ಬೇಗ ಮಕ್ಕಳ ಕೈಗೆ ಕೊಡಿ. ಕೊಟ್ಟ ದಿನ ಒಂದು ಪೀರಿಯಡ್ ಹೊಸ ಪಾಠ ಬೇಡ, ಹೋದ ಅಂಕಗಳಿಗೆ ಕಾರಣ ಬರೆಯಲು ಅದನ್ನು ಬಿಟ್ಟುಕೊಡಿ. ಮನೆಯವರು ಆ ಸಂಜೆ ಎಷ್ಟು ಅಂಕ ಬಂತೆಂದು ಕೇಳುವ ಮೊದಲು ಯಾವ ಓದು ಕೈಹಿಡಿಯಿತೆಂದು ಕೇಳಲಿ.